ಎಸ್‌ಐಪಿ ಪಟ್ಟಿಯ ಮೊದಲ ಸಾಲು

ತಿಂಗಳಿಗೆ ₹5,000ದಂತೆ ಮ್ಯೂಚುವಲ್ ಫಂಡ್‌ನಲ್ಲಿ ಎಸ್‌ಐಪಿ ಕಟ್ಟುತ್ತೀರಿ ಎಂದುಕೊಳ್ಳಿ. ಪ್ರತಿ ತಿಂಗಳ ಮೊದಲ ದಿನ ಕಂತು ಕಟ್ಟಿ, ತಿಂಗಳಿಗೆ ಶೇ 1ರಷ್ಟು ಲಾಭ ಬರುತ್ತದೆಂದು ಊಹಿಸಿದರೆ ಪಟ್ಟಿ ಹೀಗಿರುತ್ತದೆ:

| ವರ್ಷ | ಕಟ್ಟಿದ್ದು (₹) | ವರ್ಷಾಂತ್ಯದ ಮೌಲ್ಯ (₹) |
|---|---|---|
| 1 | 60,000 | 64,047 |
| 2 | 1,20,000 | 1,36,216 |
| 5 | 3,00,000 | 4,12,432 |
| 10 | 6,00,000 | 11,61,695 |

ಅರವತ್ತು ಸಾವಿರಕ್ಕೆ ಶೇ 12 ಎಂದರೆ ₹7,200 ಆಗಬೇಕಿತ್ತಲ್ಲ, ಮೊದಲ ವರ್ಷ ಬರೀ ₹4,047 ಯಾಕೆ ಎಂದು ಹಲವರು ಕೇಳುತ್ತಾರೆ. ಲೆಕ್ಕ ತಪ್ಪಿಲ್ಲ. ಮೊದಲ ಕಂತು ಹನ್ನೆರಡು ತಿಂಗಳು ದುಡಿದಿದ್ದರೆ, ಕೊನೆಯ ಕಂತು ದುಡಿದದ್ದು ಒಂದೇ ತಿಂಗಳು. ಹಳೆಯ ಕಂತುಗಳಿಗೆ ಸಮಯ ಸಿಕ್ಕಂತೆಲ್ಲ ಲಾಭದ ಮೇಲೂ ಲಾಭ ಸೇರುತ್ತದೆ. ಹೀಗಾಗಿ ಹತ್ತನೇ ವರ್ಷದ ಹೊತ್ತಿಗೆ ಕಟ್ಟಿದ್ದಕ್ಕಿಂತ ಸುಮಾರು ₹5.6 ಲಕ್ಷ ಹೆಚ್ಚು ಕಾಣುತ್ತದೆ.

ಆದರೆ ಷೇರುಪೇಟೆ ಪ್ರತಿ ತಿಂಗಳೂ ಶೇ 1 ಕೊಡುವುದಿಲ್ಲ. ಕೆಲವು ವರ್ಷ ಮೌಲ್ಯ ಕಟ್ಟಿದ್ದಕ್ಕಿಂತಲೂ ಕೆಳಗಿಳಿಯಬಹುದು. ಅದಕ್ಕೇ ಕಡಿಮೆ ದರದಲ್ಲೂ ಒಂದು ಪಟ್ಟಿ ಹಾಕಿ ನೋಡಿ. ವಾರ್ಷಿಕ ಶೇ 8ರ ಲೆಕ್ಕದಲ್ಲಿ, ಅಂದರೆ ತಿಂಗಳಿಗೆ ಅದರ ಹನ್ನೆರಡನೇ ಒಂದು ಪಾಲು ಹಿಡಿದರೆ, ಹತ್ತು ವರ್ಷದ ಮೊತ್ತ ₹9,20,828ಕ್ಕೆ ಇಳಿಯುತ್ತದೆ. ಮಗಳ ಓದಿಗೋ ಮನೆಗೋ ಯೋಜಿಸುವಾಗ ಈ ಚಿಕ್ಕ ಮೊತ್ತವನ್ನೇ ನೆಚ್ಚಿಕೊಳ್ಳುವುದು ಕ್ಷೇಮ.