ಬಾದಾಮಿಯ ಕೆರೆಯ ಸುತ್ತ ಮೂರು ಗಂಟೆ

ಬಾಗಲಕೋಟೆ ಜಿಲ್ಲೆಯ ಬಾದಾಮಿಯಲ್ಲಿ ಚಾಲುಕ್ಯರ ಮುಖ್ಯ ಸ್ಮಾರಕಗಳು ಅಗಸ್ತ್ಯತೀರ್ಥವೆಂಬ ಕೆರೆಯ ಸುತ್ತಲೇ ಇವೆ. ದಕ್ಷಿಣದ ಬೆಟ್ಟದಲ್ಲಿ ನಾಲ್ಕು ಗುಹಾಲಯಗಳು, ಪೂರ್ವದ ದಂಡೆಯಲ್ಲಿ ಭೂತನಾಥ ಗುಡಿ, ಉತ್ತರಕ್ಕೆ ಕೋಟೆಯ ಬೆಟ್ಟ. ಕೋಟೆ ಹತ್ತುವುದನ್ನು ಇನ್ನೊಂದು ದಿನಕ್ಕೆ ಬಿಟ್ಟರೆ, ಉಳಿದದ್ದನ್ನು ಸುಮಾರು ಮೂರು ಗಂಟೆಯಲ್ಲಿ ನಡೆದೇ ನೋಡಬಹುದು.

ಊರು ಬಲ್ಲ ಮಾರ್ಗದರ್ಶಿ ಈ ನಡಿಗೆಯನ್ನು ಮಧ್ಯಾಹ್ನ ಮೂರರ ಸುಮಾರಿಗೆ ಶುರುಮಾಡುತ್ತಾನೆ. ಗುಹೆಗಳು ಉತ್ತರಕ್ಕೆ ಮುಖಮಾಡಿರುವುದರಿಂದ ಆ ಹೊತ್ತಿಗೂ ಒಳಗೆ ನೆರಳಿರುತ್ತದೆ. ಭೂತನಾಥ ಗುಡಿಯ ಮುಖ ಪಶ್ಚಿಮಕ್ಕೆ. ಇಳಿಬಿಸಿಲಿನಲ್ಲಿ ಅದರ ಕೆಂಪು ಮರಳುಗಲ್ಲು ಬೆಳಗುತ್ತದೆ. ಆದ್ದರಿಂದ ಗುಹೆ ಮೊದಲು, ಭೂತನಾಥ ಕೊನೆಗೆ. ಗುಹೆಯ ಮೆಟ್ಟಿಲುಗಳಲ್ಲಿ ಕೋತಿಗಳ ಕಾಟ ಇರುವುದರಿಂದ ತಿಂಡಿಯ ಪೊಟ್ಟಣಗಳನ್ನು ಕೈಯಲ್ಲಿ ಹಿಡಿಯದಂತೆ ಕೆಳಗೇ ಹೇಳಬೇಕು.

ಎಲ್ಲ ಗುಹೆಗಳಿಗೂ ಸಮನಾದ ಹೊತ್ತು ಕೊಡುವುದು ಸರಿಯಲ್ಲ. ಮೊದಲನೆಯದರಲ್ಲಿ ಹದಿನೆಂಟು ಕೈಗಳ ನಟರಾಜನಿದ್ದಾನೆ. ಆದರೆ ಹೆಚ್ಚು ನಿಲ್ಲಬೇಕಾದದ್ದು ಮೂರನೆಯದರಲ್ಲಿ. ಮಂಗಲೇಶ ಇದನ್ನು ಮಾಡಿಸಿದನೆಂದು ಹೇಳುವ ಶಾಸನ ಅಲ್ಲೇ ಇದ್ದು, ಅದರ ಕಾಲ ಕ್ರಿ.ಶ. 578. ಉಳಿದ ಗುಹೆಗಳ ಕಾಲವನ್ನು ವಿದ್ವಾಂಸರು ಊಹಿಸುವಾಗ ಈ ವರ್ಷವೇ ಆಧಾರ. ಬೆಟ್ಟ ಇಳಿದು ಊರ ಓಣಿಗಳಲ್ಲಿ ಹಾದು ಕೆರೆಯ ಆಚೆ ಬದಿಗೆ ಹೋದರೆ, ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ. ಕನ್ನಡದ ಅತಿ ಹಳೆಯ ತ್ರಿಪದಿಗಳು ಇಲ್ಲಿವೆ. ತೋರಿಸುವವರಿಲ್ಲದೆ ಬಂದ ಪ್ರವಾಸಿಗರು ಇದನ್ನು ಗಮನಿಸದೆ ಮುಂದೆ ಹೋಗಿಬಿಡುತ್ತಾರೆ.

ವಾತಾಪಿ ಎಂಬ ರಾಕ್ಷಸನನ್ನು ಅಗಸ್ತ್ಯ ಜೀರ್ಣಿಸಿಕೊಂಡ ಕಥೆಯನ್ನೂ ಇಲ್ಲಿ ಹೇಳಲೇಬೇಕು, ಊರಿನ ಹಳೆಯ ಹೆಸರು ಅದರೊಡನೆ ಬೆಸೆದಿದೆ. ಆದರೆ ಶಾಸನದಲ್ಲಿರುವುದು ಯಾವುದು, ಜನ ಹೇಳಿಕೊಂಡು ಬಂದದ್ದು ಯಾವುದು ಎಂಬುದನ್ನು ಬಿಡಿಸಿ ಹೇಳುವವನೇ ಒಳ್ಳೆಯ ಮಾರ್ಗದರ್ಶಿ. ಪ್ರತಿ ಕಲ್ಲಿಗೂ ಒಂದು ಗುಪ್ತ ಸುರಂಗ ಹೇಳುವವನನ್ನು ನಂಬುವುದು ಕಷ್ಟ.

ಶುಲ್ಕವನ್ನು ತಲೆಗಿಷ್ಟು ಎಂದಲ್ಲದೆ ಗುಂಪಿಗಿಷ್ಟು ಎಂದು ಗೊತ್ತುಮಾಡುವುದು ಮೇಲು. ಮೂರು ಗಂಟೆಗೆ 1,200 ರೂಪಾಯಿ, ಗುಂಪಿನಲ್ಲಿ ಎಂಟು ಜನಕ್ಕೆ ಮಿತಿ ಎಂದಿಟ್ಟುಕೊಳ್ಳೋಣ. ಇಬ್ಬರೇ ಬಂದರೆ ತಲಾ 600, ಎಂಟು ಜನ ಬಂದರೆ ತಲಾ 150. ಮಾರ್ಗದರ್ಶಿಯ ದುಡಿಮೆಗೆ ಎರಡೂ ಸಲ ಅಷ್ಟೇ ಸಂಬಳ. ತಲೆಲೆಕ್ಕವಾದರೆ ಇಪ್ಪತ್ತು ಜನರನ್ನು ಕೂಡಿಸುವ ಆಸೆ ಹುಟ್ಟುತ್ತದೆ. ಗುಹೆಯೊಳಗೆ ಹಿಂದಿನವರಿಗೆ ಮಾತು ಕೇಳಿಸುವುದಿಲ್ಲ. ಶುಲ್ಕವೇ ಗೊತ್ತಿಲ್ಲದಿದ್ದರೆ ಕೊನೆಯಲ್ಲಿ ಚೌಕಾಸಿ ಶುರುವಾಗುತ್ತದೆ, ಇಲ್ಲವೇ ಕಮಿಷನ್ ಕೊಡುವ ಅಂಗಡಿಯತ್ತ ದಾರಿ ತಿರುಗುತ್ತದೆ. ನಡುವೆ ಕಾರಣವಿಲ್ಲದೆ ಅಂಗಡಿಯೊಂದರಲ್ಲಿ ನಿಂತರೆ ಅದು ಗೊತ್ತಾಗುತ್ತದೆ.

ಗುಹೆಗಳ ಪ್ರವೇಶ ಟಿಕೆಟ್ ಪುರಾತತ್ವ ಇಲಾಖೆಯದು, ಮಾರ್ಗದರ್ಶಿಯ ಶುಲ್ಕದಿಂದ ಬೇರೆ. ಹೊರಡುವ ಮುನ್ನ ಪ್ರವಾಸಿಗರು ಗುರುತಿನ ಚೀಟಿ ನೋಡಿ, ಒಟ್ಟು ಮೊತ್ತ ಎಷ್ಟು, ಎಷ್ಟು ಹೊತ್ತು, ಟಿಕೆಟ್ ಸೇರಿದೆಯೇ ಎಂಬ ಮೂರನ್ನೂ ಕೇಳಿಕೊಳ್ಳಬೇಕು.