ನೆಗಡಿಗೆ ಕೋಳಿ ಸಾರೂ ಬಿಸಿ ಪಾನೀಯಗಳೂ

ಮುಂಗಾರಿನ ತುಂತುರು ಹಿಡಿದ ದಿನಗಳಲ್ಲಿಯೂ, ಮಾರ್ಗಶಿರ ಪುಷ್ಯ ಮಾಸಗಳ ಚಳಿಯಲ್ಲಿಯೂ, ಬೆಂಗಳೂರಿನ ದಕ್ಷಿಣ ಭಾಗದ ಬಡಾವಣೆಗಳಾದ ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಲೇಔಟ್ ಮೊದಲಾದ ಕಡೆಗಳಲ್ಲಿ ನೆಗಡಿಯು ಒಂದು ಮನೆಯಿಂದ ಮತ್ತೊಂದಕ್ಕೆ ಹಬ್ಬುವುದು ಸಾಮಾನ್ಯ. ಆಗ ಕೆಲವು ಮನೆಗಳಲ್ಲಿ ಮೆಣಸಿನ ಸಾರೂ ಶುಂಠಿಯ ಕಷಾಯವೂ ಒಲೆಯನ್ನೇರುವುವು; ಮಾಂಸಾಹಾರಿಗಳ ಮನೆಗಳಲ್ಲಿ ನಾಟಿ ಕೋಳಿಯ ಸಾರು ಕುದಿಯುವುದು. ನಾಟಿ ಕೋಳಿಗೆ ಫಾರಂ ಕೋಳಿಗಿಂತ ಹೆಚ್ಚಿನ ಬೆಲೆಯನ್ನು ತೆತ್ತಾದರೂ ಕೊಳ್ಳುವವರಿದ್ದಾರೆ. ಇದರಿಂದ ನೆಗಡಿಯು ವಾಸಿಯಾಗುವುದೋ, ಅಥವಾ ಇದು ಬಾಯಿಯ ರುಚಿ ಮಾತ್ರವೋ ಎಂಬುದನ್ನು ವಿಚಾರಿಸತಕ್ಕದ್ದು ಅವಶ್ಯಕ.

ನೆಗಡಿಯು ಮಳೆಯಲ್ಲಿ ನೆನೆದುದರಿಂದ ಹುಟ್ಟುವ ರೋಗವಲ್ಲ. ಮೂಗು ಗಂಟಲುಗಳನ್ನು ಸೇರುವ ವೈರಾಣುಗಳಿಂದ ಬರತಕ್ಕದ್ದು. ಮೊದಲು ಗಂಟಲು ಕೆರೆಯುವುದು, ಅನಂತರ ಮೂಗು ಸೋರುವುದು, ಕೊನೆಗೆ ಕೆಮ್ಮು ಉಳಿಯುವುದು. ಸಾಧಾರಣವಾಗಿ 7ರಿಂದ 10 ದಿನಗಳಲ್ಲಿ ದೇಹವೇ ಅದನ್ನು ಗೆಲ್ಲುವುದು. ಈ ಅವಧಿಯನ್ನು ಯಾವ ಸಾರೂ ಮೊಟಕುಗೊಳಿಸಿದುದಾಗಿ ಸಿದ್ಧಪಟ್ಟಿಲ್ಲ. ಆದುದರಿಂದ ಪರೀಕ್ಷಿಸಬೇಕಾದುದು ರೋಗವನ್ನು ಓಡಿಸುವ ಶಕ್ತಿಯನ್ನಲ್ಲ, ಆ ಹತ್ತು ದಿನಗಳ ಕಷ್ಟವನ್ನು ತಗ್ಗಿಸುವ ಶಕ್ತಿಯನ್ನು.

ಕೋಳಿಯ ಸಾರನ್ನು ಉಸಿರಾಟದ ಬೇನೆಗಳಿಗೆ ವಿಧಿಸಿದ ವೈದ್ಯರಲ್ಲಿ 12ನೆಯ ಶತಮಾನದ ಮೈಮೊನಿಡೀಸ್ ಎಂಬಾತನು ಪ್ರಸಿದ್ಧನು. ಆದರೆ ಅದನ್ನು ಅಳತೆಗೆ ಒಳಪಡಿಸಿದುದು ಬಹಳ ಈಚೆಗೆ. 1978ರಲ್ಲಿ ಅಮೆರಿಕ ದೇಶದ ಮಯಾಮಿ ಬೀಚಿನ ವೈದ್ಯರು, 15 ಮಂದಿ ಆರೋಗ್ಯವಂತರಿಗೆ ಬಿಸಿನೀರು, ತಣ್ಣೀರು, ಕೋಳಿ ಸಾರು ಇವುಗಳನ್ನು ಕುಡಿಸಿ, ಮೂಗಿನೊಳಗಿನ ಲೋಳೆಯು ಎಷ್ಟು ವೇಗವಾಗಿ ಸರಿಯುವುದೆಂದು ಅಳೆದರು. ಲೋಳೆಯು ಸರಾಗವಾಗಿ ಸರಿದರೆ ಮೂಗು ಬೇಗ ಶುದ್ಧವಾಗುವುದು. ಗುಟುಕರಿಸಿದ ಬಿಸಿನೀರಿನಿಂದ ವೇಗವು ನಿಮಿಷಕ್ಕೆ 6.2 ಮಿಲಿಮೀಟರಿನಿಂದ 8.4ಕ್ಕೆ ಏರಿತು, ಕೋಳಿ ಸಾರಿನಿಂದ 6.9ರಿಂದ 9.2ಕ್ಕೆ, ತಣ್ಣೀರಿನಿಂದಲಾದರೋ 7.3ರಿಂದ 4.5ಕ್ಕೆ ಇಳಿಯಿತು. ಇಲ್ಲಿ ಗಮನಿಸತಕ್ಕುದೇನೆಂದರೆ, ಬಿಸಿನೀರಿಗೂ ಸಾರಿಗೂ ಬಲು ದೊಡ್ಡ ಅಂತರವಿಲ್ಲ. ಮತ್ತು ಬಿಸಿಯ ಗುಣವು ಅರ್ಧ ಗಂಟೆಯೊಳಗಾಗಿ ಅಡಗಿಹೋಯಿತು. ದಿನಕ್ಕೊಮ್ಮೆ ಹೊಟ್ಟೆತುಂಬ ಕುಡಿಯುವುದಕ್ಕಿಂತ ಸ್ವಲ್ಪಸ್ವಲ್ಪವಾಗಿ ಹಲವು ಸಲ ಕುಡಿಯುವುದು ಮೇಲೆಂಬುದು ಇದರಿಂದ ತೋರುವುದು.

ಕೋಳಿಯ ಪಾಲೆಷ್ಟು ಎಂಬ ಪ್ರಶ್ನೆಯನ್ನು 2000ದಲ್ಲಿ ನೆಬ್ರಾಸ್ಕಾ ವಿಶ್ವವಿದ್ಯಾನಿಲಯದ ಡಾಕ್ಟರ್ ಸ್ಟೀಫನ್ ರೆನಾರ್ಡರು ಕೈಗೆತ್ತಿಕೊಂಡರು. ಅವರು ಪರೀಕ್ಷಿಸಿದುದು ತಮ್ಮ ಪತ್ನಿಯ ಅಜ್ಜಿಯ ಪಾಕವನ್ನು. (ನಮ್ಮಲ್ಲಿಯಂತೆ ಅಲ್ಲಿಯೂ ಇಂತಹ ವಿದ್ಯೆಯು ಅಜ್ಜಿಯರ ಸ್ವತ್ತೇ ಸರಿ.) ನೆಗಡಿಯಲ್ಲಿ ರಕ್ತದ ಒಂದು ಜಾತಿಯ ಬಿಳಿ ಕಣಗಳು ಗುಂಪುಗೂಡಿ ಬರುವುದರಿಂದ ಊತವೂ ಲೋಳೆಯೂ ಹೆಚ್ಚುವುವೆಂದು ಭಾವನೆ. ಗಾಜಿನ ಪಾತ್ರೆಯಲ್ಲಿ ಸಾರನ್ನು ಸೇರಿಸಿದಾಗ ಆ ಕಣಗಳ ಚಲನೆಯು ಕುಗ್ಗಿತು. ಆದರೆ ಕೋಳಿಯೊಂದಕ್ಕೇ ಅಲ್ಲದೆ ಈರುಳ್ಳಿ, ಕ್ಯಾರೆಟ್ಟು ಮುಂತಾದ ತರಕಾರಿಗಳಿಗೂ ಆ ಗುಣವಿದ್ದಿತು. ಗಾಜಿನ ಪಾತ್ರೆಯು ಮನುಷ್ಯನ ಮೂಗಲ್ಲ. ನುಂಗಿದ ಸಾರು ಜೀರ್ಣವಾದ ಮೇಲೆ ಅದೇ ಕೆಲಸವನ್ನು ಮಾಡುವುದೆಂದು ಇದರಿಂದ ಹೇಳಲಾಗದು. ಕೋಳಿ ಸಾರು ನೆಗಡಿಗೆ ಔಷಧವೆಂದು ಈ ಪರೀಕ್ಷೆಯ ಹೆಸರಿನಲ್ಲಿ ಸಾರುವವರು ಅದು ಹೇಳಿದುದಕ್ಕಿಂತ ಹೆಚ್ಚನ್ನು ಹೇಳುತ್ತಾರೆ.

ಮೂರನೆಯ ಪರೀಕ್ಷೆಯೇ ಎಲ್ಲಕ್ಕಿಂತ ಬೋಧಪ್ರದವಾದುದು. 2008ರಲ್ಲಿ ವೇಲ್ಸಿನ ಕಾರ್ಡಿಫ್ ನಗರದಲ್ಲಿ, ನೆಗಡಿ ಹಿಡಿದಿದ್ದ 30 ಮಂದಿಗೆ ಒಂದೇ ಹಣ್ಣಿನ ಪಾನಕವನ್ನು ಕೆಲವರಿಗೆ ಬಿಸಿಯಾಗಿಯೂ ಕೆಲವರಿಗೆ ಕೋಣೆಯ ಉಷ್ಣದಲ್ಲಿಯೂ ಕೊಡಲಾಯಿತು. ಮೂಗಿನಲ್ಲಿ ಗಾಳಿಯಾಡುವ ಪ್ರಮಾಣವನ್ನು ಯಂತ್ರದಿಂದ ಅಳೆದಾಗ ಬಿಸಿಪಾನಕದಿಂದ ಏನೂ ಹೆಚ್ಚಿರಲಿಲ್ಲ. ಆದರೆ ಕುಡಿದವರನ್ನು ವಿಚಾರಿಸಿದಾಗ, ಸೋರುವ ಮೂಗು, ಕೆಮ್ಮು, ಸೀನು, ಗಂಟಲು ನೋವು, ಚಳಿ, ಆಯಾಸ ಇವೆಲ್ಲವೂ ಕೂಡಲೇ ತಗ್ಗಿದುವೆಂದು ತಿಳಿಸಿದರು. ಬಿಸಿಯಿಲ್ಲದ ಪಾನಕದಿಂದ ಮೂಗು, ಕೆಮ್ಮು, ಸೀನುಗಳಿಗೆ ಮಾತ್ರ ಉಪಶಮನ ದೊರೆಯಿತು. ಗಂಟಲು, ಚಳಿ, ಆಯಾಸಗಳಿಗೆ ದೊರೆಯಲಿಲ್ಲ.

ಇದು ಬರಿಯ ಭ್ರಮೆಯೆಂದು ತಳ್ಳಿಹಾಕುವುದು ಸರಿಯಲ್ಲ. ಹುಳಿ, ಉಪ್ಪು, ಖಾರಗಳ ರುಚಿಯಿಂದ ಬಾಯಲ್ಲಿ ಜೊಲ್ಲೂ ಗಂಟಲಲ್ಲಿ ಲೋಳೆಯೂ ಊರಿ, ಕೆರೆಯುವ ಭಾಗಕ್ಕೆ ಲೇಪದಂತಾಗುವುದು; ಮೆಣಸಿನ ಖಾರವು ಮೂಗಿನ ನರಗಳನ್ನು ಕೆಣಕಿ ನೀರಿಳಿಸುವುದು. ಇದರ ಜತೆಗೆ ಒಳ್ಳೆಯದಾಗುವುದೆಂಬ ನಂಬಿಕೆಯೂ ಸೇರುವುದು. ನೆಗಡಿಯ ಮೂಲವನ್ನು ಕೊಲ್ಲುವ ಔಷಧವೇ ಇಲ್ಲದಿರುವಾಗ, ಕಷ್ಟವನ್ನು ತಗ್ಗಿಸುವುದೇ ಚಿಕಿತ್ಸೆ. ವೈರಾಣುವಿಗೆ ನಾಟದ ಆಂಟಿಬಯಾಟಿಕ್ ಗುಳಿಗೆಗಳನ್ನು ಅಂಗಡಿಯಿಂದ ತಂದು ನುಂಗುವುದಕ್ಕಿಂತ ಒಂದು ಲೋಟ ಸಾರು ಉತ್ತಮ.

ನಾಲ್ಕು ಲೋಟ ಸಾರಿಗೆ ಎಲುಬು ಸಹಿತವಾದ ಅರ್ಧ ಕಿಲೋ ಕೋಳಿ, ಒಂದೂವರೆ ಲೀಟರ್ ನೀರು, ಹತ್ತು ಸಣ್ಣ ಈರುಳ್ಳಿ, ಎಂಟು ಎಸಳು ಬೆಳ್ಳುಳ್ಳಿ, ಹೆಬ್ಬೆರಳುದ್ದ ಶುಂಠಿ, ಜಜ್ಜಿದ ಮೆಣಸೂ ಜೀರಿಗೆಯೂ ಒಂದೊಂದು ಚಮಚ, ಚಿಟಿಕೆ ಅರಿಸಿನ, ಒಂದು ಸಣ್ಣ ಚಮಚ ಉಪ್ಪು ಸಾಕು. ಸಣ್ಣ ಉರಿಯಲ್ಲಿ ಬೇಯಿಸಿ, ನೀರು ಒಂದು ಲೀಟರಿಗೆ ಇಳಿದಾಗ ಇಳಿಸತಕ್ಕದ್ದು. ಆರು ವಾರಗಳೊಳಗೆ ಮಾರಾಟಕ್ಕೆ ಬರುವ ಫಾರಂ ಕೋಳಿಯು ಮುಕ್ಕಾಲು ಗಂಟೆಯಲ್ಲಿ ಬೇಯುವುದು. ತಿಂಗಳುಗಟ್ಟಲೆ ಅಂಗಳದಲ್ಲಿ ತಿರುಗಿ ಬೆಳೆದ ನಾಟಿ ಕೋಳಿಯ ಮಾಂಸವು ಗಟ್ಟಿಯಾದುದರಿಂದ ಒಂದೂವರೆ ಗಂಟೆಯಾದರೂ ಬೇಕು, ನೀರನ್ನೂ ನಡುವೆ ಸೇರಿಸಬೇಕಾದೀತು. ಮಾಂಸವು ಎಲುಬಿನಿಂದ ತಾನೇ ಬಿಡತೊಡಗಿದರೆ ಪಕ್ವವಾಯಿತೆಂದು ತಿಳಿಯತಕ್ಕದ್ದು. ನಾಲಗೆ ಕೆಟ್ಟಿರುವವರಿಗೆ ತೆಂಗಿನಕಾಯಿ ಅರೆದ ಮಸಾಲೆಯು ಭಾರವಾದುದರಿಂದ ಬಿಡುವುದು ಲೇಸು. ಮೇಲೆ ತೇಲುವ ಜಿಡ್ಡನ್ನೂ ತೆಗೆಯಬಹುದು. ನೆಗಡಿಯ ಮಟ್ಟಿಗೆ ನಾಟಿ ಕೋಳಿಯು ಫಾರಂ ಕೋಳಿಗಿಂತ ಮೇಲೆಂಬುದಕ್ಕೆ ಆಧಾರವಿಲ್ಲ. ರುಚಿಗಾಗಿ ಹೆಚ್ಚು ಬೆಲೆ ಕೊಡುವುದಾದರೆ ಅದು ಬೇರೆಯ ಮಾತು. ಶಾಕಾಹಾರಿಗಳು ಬೇಳೆಯ ಕಟ್ಟಿನಲ್ಲಿ ಮಾಡಿದ ಮೆಣಸಿನ ಸಾರಿನಿಂದ ಬಿಸಿ, ಉಪ್ಪು, ಖಾರಗಳ ಗುಣವನ್ನೆಲ್ಲ ಪಡೆಯಬಹುದು.

ಕುದಿಯುವುದನ್ನೇ ಕುಡಿಯತಕ್ಕದ್ದಲ್ಲ. 65 ಡಿಗ್ರಿ ಸೆಂಟಿಗ್ರೇಡಿಗೂ ಮೀರಿದ ಪಾನೀಯಗಳ ನಿತ್ಯಾಭ್ಯಾಸವು ಅನ್ನನಾಳದ ಕ್ಯಾನ್ಸರಿಗೆ ಬಹುಶಃ ಕಾರಣವಾಗುವುದೆಂದು 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ತಿಳಿಸಿತು. ನಾಲಗೆ ಸುಡದೆ ಗುಟುಕರಿಸಲಾಗುವಷ್ಟು ಆರಿದ ಮೇಲೆ ಕೊಡಬೇಕು. ಮಕ್ಕಳಿಗೆ ಇನ್ನೂ ಆರಿಸಿ ಕೊಡಬೇಕು. ಒಂದು ವರ್ಷ ತುಂಬದ ಕೂಸಿಗೆ ಕಷಾಯದಲ್ಲಿ ಜೇನುತುಪ್ಪವನ್ನು ಬೆರೆಸಿ ಕೊಡಲೇಕೂಡದು. ರಕ್ತದೊತ್ತಡದವರ ಲೋಟವನ್ನು ಉಪ್ಪು ಹಾಕುವುದಕ್ಕೆ ಮುಂಚೆಯೇ ಬೇರೆ ತೆಗೆದಿಡತಕ್ಕದ್ದು. ಮಿಕ್ಕ ಸಾರನ್ನು ರಾತ್ರಿಯೆಲ್ಲ ಒಲೆಯ ಮೇಲೆ ಬಿಡದೆ, ಎರಡು ಗಂಟೆಯೊಳಗಾಗಿ ಫ್ರಿಜ್ಜಿನಲ್ಲಿಟ್ಟು, ಮರುದಿನ ಚೆನ್ನಾಗಿ ಕುದಿಸಿ ಬಳಸಬೇಕು.

ಜ್ವರವು ಮೂರು ದಿನಗಳಿಗೂ ಮೀರಿ ನಿಂತರೆ, ಇಳಿದ ಜ್ವರವು ಮತ್ತೆ ಏರಿದರೆ, ಏದುಸಿರು ಅಥವಾ ಎದೆನೋವು ಕಾಣಿಸಿದರೆ, ಕೂಸು ಹಾಲು ಕುಡಿಯುವುದನ್ನು ಬಿಟ್ಟರೆ, ಅದು ಸಾರಿಗೆ ಒಗ್ಗುವ ನೆಗಡಿಯಲ್ಲ; ಆ ದಿನವೇ ವೈದ್ಯರ ಬಳಿಗೆ ಕರೆದೊಯ್ಯತಕ್ಕದ್ದು.