ಒಂದು ಸಂಖ್ಯೆಗೆ ಎಷ್ಟು ಬಿಟ್ ಬೇಕು?

ಕಂಪ್ಯೂಟರಿನ ಸ್ಮೃತಿಯಲ್ಲಿ ಒಂದು ಬಿಟ್ ಎಂದರೆ 0 ಅಥವಾ 1 ಮಾತ್ರ ಹಿಡಿಸುವ ಜಾಗ. 9876543210 ಎಂಬಂಥ ಹತ್ತಂಕಿಯ ಮೊಬೈಲ್ ನಂಬರನ್ನು ಸಂಖ್ಯೆಯ ರೂಪದಲ್ಲಿ ಇಡಬೇಕಾದರೆ ಅಂಥ 34 ಜಾಗಗಳು ಬೇಕು. 33 ಸಾಲದು, 35 ಬೇಕಿಲ್ಲ. ಆ ನಂಬರನ್ನು ದ್ವಿಮಾನಕ್ಕೆ ಪರಿವರ್ತಿಸದೆಯೇ, ಶಾಲೆಯಲ್ಲಿ ಕಲಿತ ಲಾಗರಿದಮ್ ಒಂದರಿಂದಲೇ ಈ 34ನ್ನು ಕಂಡುಹಿಡಿಯಬಹುದು.

ಮೊದಲು ಚಿಕ್ಕದೊಂದು ಸಂಖ್ಯೆ ನೋಡೋಣ. 13ನ್ನು ದ್ವಿಮಾನದಲ್ಲಿ ಬರೆಯಲು ಅದನ್ನು ಮತ್ತೆ ಮತ್ತೆ 2ರಿಂದ ಭಾಗಿಸುತ್ತ ಹೋಗಬೇಕು. 13ರ ಅರ್ಧ 6, ಶೇಷ 1. 6ರ ಅರ್ಧ 3, ಶೇಷ 0. 3ರ ಅರ್ಧ 1, ಶೇಷ 1. 1ರ ಅರ್ಧ 0, ಶೇಷ 1. ಶೇಷಗಳನ್ನು ಕೊನೆಯಿಂದ ಮೊದಲಿಗೆ ಓದಿದರೆ 1101. ಸೊನ್ನೆ ಮುಟ್ಟಲು ನಾಲ್ಕು ಸಲ ಭಾಗಿಸಿದ್ದರಿಂದ ನಾಲ್ಕು ಬಿಟ್ ಬಂದವು. ದಶಮಾನದಲ್ಲೂ ನಡೆಯುವುದು ಇದೇ. 875ನ್ನು 10ರಿಂದ ಭಾಗಿಸಿದಾಗಲೆಲ್ಲ ಬಲಗಡೆಯ ಒಂದು ಅಂಕಿ ಉದುರಿ ಮೂರನೆಯ ಸಲಕ್ಕೆ ಸೊನ್ನೆ ಉಳಿಯುತ್ತದೆ. ಆದ್ದರಿಂದ ಅದು ಮೂರಂಕಿಯ ಸಂಖ್ಯೆ. ಆಧಾರ ಯಾವುದೇ ಇರಲಿ, ಅದರಿಂದ ಎಷ್ಟು ಸಲ ಭಾಗಿಸಿದರೆ ಸಂಖ್ಯೆ ಮುಗಿಯುತ್ತದೆಯೋ ಅದೇ ಆ ಆಧಾರದಲ್ಲಿ ಅದರ ಅಂಕಿಗಳ ಎಣಿಕೆ.

ಈ ಎಣಿಕೆಯನ್ನು ಭಾಗಾಕಾರವಿಲ್ಲದೆ ಹೇಳುವುದೇ ಲಾಗರಿದಮ್. 100ರಿಂದ 999ರವರೆಗಿನ ಸಂಖ್ಯೆಗಳೆಲ್ಲ ಮೂರಂಕಿಯವು, ಏಕೆಂದರೆ ಅವು 10ರ 2ನೇ ಘಾತದಿಂದ ಶುರುವಾಗಿ 3ನೇ ಘಾತಕ್ಕೆ ಮುಂಚೆ ನಿಲ್ಲುತ್ತವೆ. ಅಂದರೆ ಅವುಗಳ ಲಾಗ್ 2 ಅಥವಾ ಅದಕ್ಕಿಂತ ಹೆಚ್ಚು, ಆದರೆ 3ಕ್ಕಿಂತ ಕಡಿಮೆ. ಪಿಯುಸಿಯಲ್ಲಿ ಲಾಗ್ ಪುಸ್ತಕ ತಿರುವಿದವರಿಗೆ ಇದು ಪರಿಚಿತ ನಿಯಮ: ಲಾಗ್‌ನ ಪೂರ್ಣ ಭಾಗಕ್ಕೆ ಒಂದು ಕೂಡಿಸಿದರೆ ಅಂಕಿಗಳ ಎಣಿಕೆ ಸಿಗುತ್ತದೆ. ಆಧಾರ 10ರ ಬದಲು 2 ಆದಾಗಲೂ ನಿಯಮ ಬದಲಾಗುವುದಿಲ್ಲ. `n` ಎಂಬ ಧನ ಪೂರ್ಣಾಂಕಕ್ಕೆ ಬೇಕಾಗುವ ಬಿಟ್‌ಗಳು `log2(n)`ನ ಪೂರ್ಣ ಭಾಗಕ್ಕಿಂತ ಒಂದು ಹೆಚ್ಚು.

ಲಾಗ್ ಪುಸ್ತಕದಲ್ಲಿ 2ರ ಆಧಾರದ ಕೋಷ್ಟಕ ಇರುವುದಿಲ್ಲ. ಅದು ಬೇಕಾಗಿಯೂ ಇಲ್ಲ, ಯಾವ ಆಧಾರದ ಲಾಗ್ ಅನ್ನಾದರೂ ಇನ್ನೊಂದು ಆಧಾರಕ್ಕೆ ತರಲು ಒಂದು ಭಾಗಾಕಾರ ಸಾಕು:

```
log2(n) = log10(n) / log10(2)
```

9876543210ರ ಲಾಗ್ 10ರ ಆಧಾರದಲ್ಲಿ ಸುಮಾರು 9.9946. 2ರ ಲಾಗ್ 0.30103. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 33.20 ಬರುತ್ತದೆ. ಪೂರ್ಣ ಭಾಗ 33, ಒಂದು ಕೂಡಿಸಿದರೆ 34. ತಾಳೆ ನೋಡುವುದೂ ಸುಲಭ: 2ರ 33ನೇ ಘಾತ 8,58,99,34,592, 34ನೇ ಘಾತ 17,17,98,69,184. ನಮ್ಮ ನಂಬರು ಇವೆರಡರ ನಡುವೆಯೇ ಇದೆ.

ಈ 0.30103 ಎಂಬುದು ಎಲ್ಲಿಂದ ಬಂತು ಎಂಬುದನ್ನು ಅಂಕಿ ಎಣಿಸಿಯೇ ಕಾಣಬಹುದು, ಮತ್ತು ಇಡೀ ವಿಷಯದಲ್ಲಿ ಅತ್ಯಂತ ಸೊಗಸಾದ ಭಾಗವೂ ಇದೇ. 2ರ 10ನೇ ಘಾತ 1024. ಅದರಲ್ಲಿ 4 ಅಂಕಿ. 100ನೇ ಘಾತದಲ್ಲಿ 31 ಅಂಕಿ. 1000ನೇ ಘಾತದಲ್ಲಿ 302, 10,000ನೇ ಘಾತದಲ್ಲಿ 3011, ಒಂದು ಲಕ್ಷನೇ ಘಾತದಲ್ಲಿ 30,103. ಘಾತ ಹತ್ತು ಪಟ್ಟು ಹೆಚ್ಚಿದಂತೆಲ್ಲ ಲಾಗ್‌ನ ಒಂದೊಂದು ದಶಮಾಂಶ ಸ್ಥಾನ ಸ್ಪಷ್ಟವಾಗುತ್ತ ಬರುತ್ತದೆ. ಒಂದು ಬಿಟ್ ಎಂದರೆ ಸರಾಸರಿ 0.30103 ದಶಮಾನ ಅಂಕಿ ಎಂಬುದು ಇದರ ಅರ್ಥ. ತಿರುಗಿಸಿ ಹೇಳಿದರೆ, ಒಂದು ದಶಮಾನ ಅಂಕಿಗೆ ಸುಮಾರು 3.3219 ಬಿಟ್.

2024ರ ಅಕ್ಟೋಬರ್‌ನಲ್ಲಿ ಪ್ರಕಟವಾದ ದೊಡ್ಡ ಅವಿಭಾಜ್ಯ ಸಂಖ್ಯೆಯೊಂದು ಈ ಅನುಪಾತವನ್ನು ಭರ್ಜರಿಯಾಗಿ ಪರೀಕ್ಷಿಸುತ್ತದೆ. ಅದು 2ರ 13,62,79,841ನೇ ಘಾತದಿಂದ ಒಂದು ಕಳೆದದ್ದು. ದ್ವಿಮಾನದಲ್ಲಿ ಬರೆದರೆ ಅಷ್ಟೂ ಬಿಟ್‌ಗಳು 1. ದಶಮಾನದಲ್ಲಿ ಎಷ್ಟು ಅಂಕಿ? 13,62,79,841ನ್ನು 0.30103ರಿಂದ ಗುಣಿಸಿ ಒಂದು ಕೂಡಿಸಿದರೆ 4,10,24,321 ಬರುತ್ತದೆ. ಸರಿಯಾದ ಉತ್ತರ 4,10,24,320. ನಿಯಮ ತಪ್ಪಿಲ್ಲ, 2ರ ಲಾಗ್ ಅನ್ನು ಐದು ದಶಮಾಂಶಕ್ಕೆ ಮೊಟಕುಗೊಳಿಸಿದ್ದರಿಂದ ಒಂದು ಅಂಕಿ ಹೆಚ್ಚಾಯಿತು. 0.3010299957 ಬಳಸಿದರೆ ಗುಣಲಬ್ಧ 4,10,24,319.95ರ ಆಸುಪಾಸಿಗೆ ಬಂದು ಲೆಕ್ಕ ಸರಿಹೋಗುತ್ತದೆ. ಒಂದು ಕಳೆದದ್ದರಿಂದ ಅಂಕಿ ಕಡಿಮೆಯಾಗುವ ಭಯವೂ ಇಲ್ಲ: 2ರ ಯಾವ ಘಾತವೂ ಸೊನ್ನೆಯಲ್ಲಿ ಕೊನೆಗೊಳ್ಳುವುದಿಲ್ಲ.

3.3219 ಪೂರ್ಣಾಂಕವಲ್ಲ, ಬಿಟ್ ಅನ್ನು ತುಂಡು ಮಾಡಲು ಬರುವುದಿಲ್ಲ. ಪ್ರತಿ ದಶಮಾನ ಅಂಕಿಯನ್ನೂ ಬೇರೆಬೇರೆಯಾಗಿ ಇಡಬೇಕೆಂದರೆ ಒಂದೊಂದಕ್ಕೂ 4 ಬಿಟ್ ಕೊಡಲೇಬೇಕು. ನಾಲ್ಕು ಬಿಟ್‌ಗಳಲ್ಲಿ 16 ಸಂಯೋಜನೆಗಳು ಸಾಧ್ಯ, ಅಂಕಿಗಳು ಹತ್ತೇ; ಉಳಿದ ಆರು ವ್ಯರ್ಥ. ಹೀಗೆ ಇಟ್ಟರೆ ಹತ್ತಂಕಿಯ ಮೊಬೈಲ್ ನಂಬರಿಗೆ 40 ಬಿಟ್ ಬೇಕಾಗುತ್ತದೆ. ಅದನ್ನೇ ಪಠ್ಯವಾಗಿ, ಅಕ್ಷರಕ್ಕೆ 8 ಬಿಟ್‌ನಂತೆ ಬರೆದರೆ 80.

ಜಪಾನಿನ ಡೆನ್ಸೊ ವೇವ್ 1994ರಲ್ಲಿ ರೂಪಿಸಿದ ಕ್ಯೂಆರ್ ಕೋಡ್‌ನಲ್ಲಿ ಇದಕ್ಕೊಂದು ಜಾಣ ಪರಿಹಾರವಿದೆ. ಬರೀ ಅಂಕಿಗಳನ್ನು ಬರೆಯುವ ವಿಧಾನದಲ್ಲಿ ಅದು ಮೂರು ಮೂರು ಅಂಕಿಗಳನ್ನು ಒಟ್ಟುಗೂಡಿಸಿ ಒಂದೊಂದು ಗುಂಪಿಗೆ 10 ಬಿಟ್ ಕೊಡುತ್ತದೆ. 000ಯಿಂದ 999ರವರೆಗೆ ಇರುವುದು 1000 ಸಾಧ್ಯತೆಗಳು, 10 ಬಿಟ್‌ಗಳಲ್ಲಿ 1024 ಹಿಡಿಯುತ್ತವೆ. ವ್ಯರ್ಥವಾಗುವುದು 24 ಮಾತ್ರ. ಅಂಕಿಗೆ 3.3333 ಬಿಟ್ ಬಿತ್ತು, ಅಂದರೆ ಸೈದ್ಧಾಂತಿಕ ಮಿತಿಗೆ ಕೂದಲೆಳೆಯಷ್ಟು ಹತ್ತಿರ. ಕೊನೆಯಲ್ಲಿ ಎರಡು ಅಂಕಿ ಉಳಿದರೆ 7 ಬಿಟ್, ಒಂದೇ ಉಳಿದರೆ 4. ಹತ್ತಂಕಿಯ ನಂಬರಿನಲ್ಲಿ ಮೂರಂಕಿಯ ಮೂರು ಗುಂಪು ಮತ್ತು ಒಂಟಿ ಅಂಕಿ ಒಂದು, ಒಟ್ಟು 30 ಮತ್ತು 4 ಸೇರಿ 34 ಬಿಟ್. ಲಾಗ್ ಹೇಳಿದ್ದೂ ಇಷ್ಟೇ.

ಇಲ್ಲಿ ಎರಡು ಬೇರೆ ಪ್ರಶ್ನೆಗಳು ಸುಲಭವಾಗಿ ಬೆರೆತುಹೋಗುತ್ತವೆ. `n` ಎಂಬ ಸಂಖ್ಯೆಯನ್ನೇ ಬರೆಯಲು ಎಷ್ಟು ಬಿಟ್ ಬೇಕು ಎಂಬುದು ಒಂದು. `n` ಬೇರೆಬೇರೆ ವಸ್ತುಗಳಲ್ಲಿ ಒಂದನ್ನು ಗುರುತಿಸಲು ಎಷ್ಟು ಬೇಕು ಎಂಬುದು ಇನ್ನೊಂದು. 1024 ಎಂಬ ಸಂಖ್ಯೆಗೆ 11 ಬಿಟ್ ಬೇಕು, ಏಕೆಂದರೆ ದ್ವಿಮಾನದಲ್ಲಿ ಅದು ಒಂದರ ಮುಂದೆ ಹತ್ತು ಸೊನ್ನೆ. ಆದರೆ 1024 ವಸ್ತುಗಳಿಗೆ 0ಯಿಂದ 1023ರವರೆಗೆ ಕ್ರಮಸಂಖ್ಯೆ ಕೊಟ್ಟರಾಯಿತು, 10 ಬಿಟ್ ಸಾಕು. ಎರಡನೆಯ ಪ್ರಶ್ನೆಗೆ ಒಂದು ಕೂಡಿಸುವುದಿಲ್ಲ. `log2(n)` ದಶಮಾಂಶವಾಗಿ ಬಂದರೆ ಮುಂದಿನ ಪೂರ್ಣಾಂಕಕ್ಕೆ ಏರಿಸಬೇಕು ಅಷ್ಟೆ. ಎರಡರ ಉತ್ತರ ಬೇರೆಯಾಗುವುದು `n` 2ರ ಘಾತವಾಗಿರುವಾಗ ಮಾತ್ರ, ತಪ್ಪು ಅಡಗಿ ಕೂರುವುದೂ ಅಲ್ಲೇ.

ಮೊಬೈಲ್ ನಂಬರಿನ ವಿಷಯದಲ್ಲಿ ಈ ವ್ಯತ್ಯಾಸದಿಂದ ಲಾಭವೂ ಇದೆ. ಭಾರತದ ಮೊಬೈಲ್ ನಂಬರುಗಳು 6, 7, 8 ಅಥವಾ 9ರಿಂದ ಆರಂಭವಾಗುತ್ತವೆ. ಆದ್ದರಿಂದ ಸಾಧ್ಯವಿರುವ ನಂಬರುಗಳು ಹೆಚ್ಚೆಂದರೆ 400 ಕೋಟಿ. 2ರ 32ನೇ ಘಾತ 4,29,49,67,296, ಅಂದರೆ 429 ಕೋಟಿಗೂ ಹೆಚ್ಚು. ಪ್ರತಿ ನಂಬರಿನಿಂದ 600 ಕೋಟಿ ಕಳೆದು ಇಟ್ಟರೆ 9876543210 ಎಂಬುದು 3876543210 ಆಗುತ್ತದೆ, ಅದಕ್ಕೆ 32 ಬಿಟ್ ಸಾಕು. ಓದುವಾಗ 600 ಕೋಟಿ ಮತ್ತೆ ಕೂಡಿಸಿದರಾಯಿತು. ಆದರೆ ಈ ಉಪಾಯ ನಂಬರುಗಳ ಸರಣಿಯ ಮೇಲೆ ನಿಂತಿದೆ. ಮೊಬೈಲ್ ನಂಬರುಗಳು ಮೊದಲು 9ರಿಂದ ಮಾತ್ರ ಶುರುವಾಗುತ್ತಿದ್ದವು, 8, 7, 6 ಆಮೇಲೆ ಸೇರಿದವು. ಮುಂದೆ 5 ಸೇರಿದರೆ ಸಾಧ್ಯತೆಗಳು 500 ಕೋಟಿಯಾಗಿ 32 ಬಿಟ್ ಮೀರುತ್ತವೆ.

ಬಹುತೇಕ ಪ್ರೋಗ್ರಾಮಿಂಗ್ ಭಾಷೆಗಳು 34 ಬಿಟ್‌ನ ಜಾಗ ಕೊಡುವುದಿಲ್ಲ. ಸಿಗುವುದು 8, 16, 32, 64ರ ನಿಗದಿತ ಅಳತೆಗಳು. ಜಾವಾದ `int` 32 ಬಿಟ್‌ನದು, ಅದರಲ್ಲೂ ಒಂದು ಬಿಟ್ ಧನ-ಋಣ ಚಿಹ್ನೆಗೆ ಹೋಗುವುದರಿಂದ ಅದು ಹಿಡಿಯುವ ಅತಿ ದೊಡ್ಡ ಸಂಖ್ಯೆ 2147483647. ಭಾರತದ ಪ್ರತಿಯೊಂದು ಮೊಬೈಲ್ ನಂಬರೂ ಇದಕ್ಕಿಂತ ದೊಡ್ಡದು. 9876543210ನ್ನು 64 ಬಿಟ್‌ನ `long`ನಿಂದ ಬಲವಂತವಾಗಿ `int`ಗೆ ತುರುಕಿದರೆ 34 ಬಿಟ್‌ಗಳಲ್ಲಿ ಎಡಗಡೆಯ ಎರಡು ಕತ್ತರಿಸಿಹೋಗಿ 1286608618 ಉಳಿಯುತ್ತದೆ. ಕಳೆದುಹೋದದ್ದು 2ರ 32ನೇ ಘಾತದ ಎರಡರಷ್ಟು, ಅಂದರೆ 8589934592. ಕೂಡಿಸಿ ನೋಡಿದರೆ ಲೆಕ್ಕ ಸರಿಯಾಗುತ್ತದೆ. ಮೈಎಸ್‌ಕ್ಯೂಎಲ್ ದತ್ತಾಂಶ ಕೋಶದ `INT` ಕಾಲಂ, ಕಟ್ಟುನಿಟ್ಟಿನ ವಿಧಾನ ಚಾಲೂ ಇಲ್ಲದಿದ್ದರೆ, ಕತ್ತರಿಸುವ ಬದಲು ತನ್ನ ಗರಿಷ್ಠ ಮೌಲ್ಯಕ್ಕೆ ನಿಲ್ಲಿಸಿಬಿಡುತ್ತದೆ. ಪಟ್ಟಿಯೊಂದರಲ್ಲಿ ಹಲವು ಗ್ರಾಹಕರ ಹೆಸರಿನ ಮುಂದೆ 2147483647 ಎಂಬ ಒಂದೇ ಫೋನ್ ನಂಬರು ಕಂಡರೆ ಕಾರಣ ಇದೇ. ಮೂಲ ನಂಬರುಗಳು ಆ ಕಾಲಂನಿಂದ ಮರಳಿ ಸಿಗುವುದಿಲ್ಲ.

ಬಿಟ್‌ಗಳ ಎಣಿಕೆಯನ್ನು ಪ್ರೋಗ್ರಾಮಿನಲ್ಲಿ ಲಾಗ್ ಬಳಸಿ ಮಾಡುವಾಗಲೂ ಎಚ್ಚರ ಬೇಕು. ಕಂಪ್ಯೂಟರ್ ದಶಮಾಂಶ ಲೆಕ್ಕವನ್ನು ಸೀಮಿತ ನಿಖರತೆಯಲ್ಲಿ ಮಾಡುತ್ತದೆ, ಆಧಾರದ ಘಾತಗಳ ಹತ್ತಿರ ಅತಿ ಸಣ್ಣ ದೋಷವೂ ಇಡೀ ಒಂದು ಅಂಕಿಯನ್ನೇ ನುಂಗಬಹುದು. ಪೈಥಾನ್‌ನಲ್ಲಿ ಹೀಗಾಗುತ್ತದೆ:

```
>>> import math
>>> math.log(1000, 10)
2.9999999999999996
>>> (9876543210).bit_length()
34
```

ಮೊದಲ ಉತ್ತರದ ಪೂರ್ಣ ಭಾಗ 2. ಒಂದು ಕೂಡಿಸಿದರೆ 1000ದಲ್ಲಿ ಮೂರೇ ಅಂಕಿ ಎಂದಾಗುತ್ತದೆ. `bit_length` ಲಾಗ್‌ನ ಗೊಡವೆಗೆ ಹೋಗದೆ ಬಿಟ್‌ಗಳನ್ನೇ ಎಣಿಸುವುದರಿಂದ ಅಲ್ಲಿ ಈ ದೋಷವಿಲ್ಲ. ಎಷ್ಟು ಜಾಗ ಬೇಕಾದೀತು ಎಂದು ಮೊದಲೇ ಅಂದಾಜು ಮಾಡುವವರು ದಶಮಾನ ಅಂಕಿಗಳ ಎಣಿಕೆಯನ್ನು 3.3219ರಿಂದ ಗುಣಿಸಿ ಮುಂದಿನ ಪೂರ್ಣಾಂಕಕ್ಕೆ ಏರಿಸಲಿ. ಪ್ರೋಗ್ರಾಮಿನ ಒಳಗೆ ನಿಖರ ಎಣಿಕೆ ಬೇಕಾದಾಗ ಪೂರ್ಣಾಂಕಗಳ ಲೆಕ್ಕವನ್ನೇ ನಂಬಲಿ.